ಶುರುವಾದ ತಿಂಗಳು

ಆ ನೋಟೀಸು ಬರೆದವಳು ನಾನು. ಕೆಳಗಿನ ಸಹಿ ಸರ್ ಅವರದು, ಸಾಲುಗಳೆಲ್ಲ ನನ್ನವು.

ನಮ್ಮ ಟ್ಯೂಷನ್ ಸೆಂಟರಿನಲ್ಲಿ ಇರುವವರೇ ಮೂರು ಜನ. ಗಣಿತ ಹೇಳಿಕೊಡುವ ಸರ್, ಸೆಂಟರೂ ಅವರದೇ. ವಿಜ್ಞಾನದ ಮೇಡಂ. ಆಫೀಸಿನಲ್ಲಿ ನಾನು. ಮಕ್ಕಳು ನನ್ನನ್ನು ಆಫೀಸಕ್ಕ ಅನ್ನುತ್ತಾರೆ. ಅದನ್ನು ಕೇಳಿ ಕೇಳಿ ಅವರ ಅಪ್ಪ ಅಮ್ಮಂದಿರೂ ಹಾಗೇ ಅನ್ನುತ್ತಾರೆ. ಮೊನ್ನೆ ಒಬ್ಬರು ಅಜ್ಜ, ನನಗಿಂತ ಮೂವತ್ತು ವರ್ಷ ದೊಡ್ಡವರು, ‘ಆಫೀಸಕ್ಕ, ಮೊಮ್ಮಗನ ರಸೀದಿ ಕೊಡಿ’ ಅಂದರು. ಕೊಟ್ಟೆ.

ಕೆಳಗೆ ಕನ್ನಡಕದ ಅಂಗಡಿ, ಒಂದನೇ ಮಹಡಿಯಲ್ಲಿ ನನ್ನ ಆಫೀಸು, ಅದರ ಮೇಲೆ ತರಗತಿ. ಆಫೀಸು ಎಂದರೆ ಒಂದು ಮೇಜು, ಒಂದು ಬೀರು, ಬಂದವರಿಗೆ ಎರಡು ಕುರ್ಚಿ. ಕುರ್ಚಿಯಲ್ಲಿ ಕೂತವರ ಕಣ್ಣಿಗೆ ನೇರವಾಗಿ ಬೀಳುವಂತೆ ಗೋಡೆಯ ಮೇಲೆ ನೋಟೀಸು.

ಹೋದ ವರ್ಷ ಅದು ಇರಲಿಲ್ಲ. ಯಾರಾದರೂ ಮಧ್ಯದಲ್ಲಿ ಮಗುವನ್ನು ಬಿಡಿಸಿದರೆ ಎಷ್ಟು ಹಣ ವಾಪಸ್ ಕೊಡಬೇಕು ಎನ್ನುವುದನ್ನು ಸರ್ ಆ ಹೊತ್ತಿನ ಮನಸ್ಸು ಹೇಳಿದಂತೆ ನಿರ್ಧರಿಸುತ್ತಿದ್ದರು. ಮೇಜು ಗುದ್ದಿದವರಿಗೆ ಪೂರ್ತಿ ಸಿಗುತ್ತಿತ್ತು. ಕಣ್ಣೀರು ಹಾಕಿದವರಿಗೆ ಅರ್ಧ. ಮೆಲ್ಲಗೆ ಮಾತಾಡಿದವರಿಗೆ ‘ನೋಡೋಣ’. ಹಾಗೆ ಮೆಲ್ಲಗೆ ಮಾತಾಡುವ ಹೆಂಗಸೊಬ್ಬರು ನಾಲ್ಕು ಸಲ ಬಂದರು, ನಾಲ್ಕು ಸಲವೂ ನೋಡೋಣ ಅನ್ನಿಸಿಕೊಂಡು ಹೋದರು, ಐದನೇ ಸಲ ಬರಲಿಲ್ಲ. ಸರ್ ಕೆಟ್ಟವರೆಂದು ಹೀಗೆ ಹೇಳುತ್ತಿಲ್ಲ. ಅವರು ಮರೆತರು, ಅಷ್ಟೆ. ಮರೆಯಲಾಗದೆ ಉಳಿದವಳು ನಾನು, ಯಾಕೆಂದರೆ ನಾಲ್ಕು ಸಲವೂ ಆ ಹೆಂಗಸಿಗೆ ಕುರ್ಚಿ ಎಳೆದುಕೊಟ್ಟವಳು ನಾನು. ಈ ವರ್ಷ ಸೆಂಟರು ತೆರೆಯುವ ಮೊದಲೇ ಒಂದು ಹಾಳೆ ತುಂಬ ಬರೆದು ಸರ್ ಮುಂದಿಟ್ಟೆ.

ಅದರಲ್ಲಿ ಇದ್ದದ್ದು ಹೀಗೆ:

‘ಅವಧಿ ಆರು ತಿಂಗಳು. ಶುಲ್ಕ ಹನ್ನೆರಡು ಸಾವಿರ, ಮೊದಲೇ ಕಟ್ಟಬೇಕು. ಮಧ್ಯದಲ್ಲಿ ಬಿಡುವವರಿಗೆ ತಿಂಗಳಿಗೆ ಎರಡು ಸಾವಿರದ ಲೆಕ್ಕದಲ್ಲಿ ಉಳಿದ ತಿಂಗಳುಗಳ ಹಣ ವಾಪಸ್ ಕೊಡಲಾಗುವುದು. ತಿಂಗಳು ಎಂದರೆ ಒಂದನೇ ತಾರೀಖಿನಿಂದ ಕೊನೆಯ ತಾರೀಖಿನವರೆಗೆ. ಶುರುವಾದ ತಿಂಗಳನ್ನು ಪೂರ್ತಿ ತಿಂಗಳೆಂದು ಹಿಡಿಯಲಾಗುವುದು. ಬಿಡುವುದಾಗಿ ಮನೆಯವರು ಬರೆದ ಪತ್ರ ಆಫೀಸಿಗೆ ತಲುಪಿದ ದಿನವೇ ಲೆಕ್ಕಕ್ಕೆ. ಮಗು ಬರುವುದನ್ನು ನಿಲ್ಲಿಸಿದ ದಿನವಲ್ಲ. ಪತ್ರ ಕೊಟ್ಟ ಮೇಲೆಯೂ ಹೊಸ ತಿಂಗಳಲ್ಲಿ ಒಂದು ದಿನ ತರಗತಿಯಲ್ಲಿ ಕೂತರೆ ಆ ತಿಂಗಳೂ ಲೆಕ್ಕಕ್ಕೆ ಸೇರುತ್ತದೆ. ಪ್ರವೇಶ ಶುಲ್ಕ ಐನೂರು ವಾಪಸ್ ಇಲ್ಲ. ಪತ್ರ ಕೊಟ್ಟ ಏಳು ಕೆಲಸದ ದಿನಗಳೊಳಗೆ, ಮೂಲ ರಸೀದಿ ತಂದರೆ, ರಸೀದಿಯಲ್ಲಿ ಹೆಸರಿರುವವರಿಗೆ ಅಥವಾ ಅವರು ಬರೆದುಕೊಟ್ಟವರಿಗೆ ಹಣ ಕೊಡಲಾಗುವುದು.

ಉದಾಹರಣೆ: ಮೂರನೇ ತಿಂಗಳ ಹತ್ತನೇ ತಾರೀಖು ಪತ್ರ ಕೊಟ್ಟರೆ ಮೂರು ತಿಂಗಳು ಮುಗಿದಂತೆ. ಉಳಿದದ್ದು ಮೂರು. ವಾಪಸ್ ಆರು ಸಾವಿರ.’

ಸರ್ ಎರಡು ಸಲ ಓದಿದರು. ‘ಪತ್ರ ಕೊಟ್ಟ ಮೇಲೂ ಕೂತರೆ ಅಂತ ಯಾಕೆ ಬರೆದೆ? ದುಡ್ಡು ವಾಪಸ್ ತಗೊಂಡ ಮೇಲೆ ಯಾರಮ್ಮ ಬಂದು ಕೂರ್ತಾರೆ?’

‘ಹೋದ ವರ್ಷದ ಅಣ್ಣ ತಮ್ಮ ಮರೆತ್ರಾ? ದುಡ್ಡು ತಗೊಂಡು ಹೋಗಿ ಎರಡು ತಿಂಗಳು ಕೂತಿದ್ರು. ನೀವೇ ಅವರ ಉತ್ತರಪತ್ರಿಕೆ ತಿದ್ದಿದೀರಿ.’

‘ಚೆನ್ನಾಗಿ ಬರೆದಿದ್ರು ಕಣಮ್ಮ’ ಅಂದು ಸರ್ ಸಹಿ ಹಾಕಿದರು.

ಎರಡನೇ ತಿಂಗಳ ಇಪ್ಪತ್ತೆಂಟನೇ ತಾರೀಖು, ಗುರುವಾರ ಮಧ್ಯಾಹ್ನ, ಪುಟ್ಟಿಯ ಅಮ್ಮ ಬಂದರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವರು. ಮಗಳು ಹತ್ತನೇ ತರಗತಿ. ಶುಲ್ಕ ಕಟ್ಟಲು ಬಂದಾಗ ನೋಟುಗಳನ್ನು ಕೂಡ ಇಸ್ತ್ರಿ ಹಾಕಿದಂತೆ ಜೋಡಿಸಿ ತಂದಿದ್ದರು, ಅದಕ್ಕೇ ನೆನಪಿತ್ತು. ಈಗ ಅವರು ಕುರ್ಚಿಯಲ್ಲಿ ಕೂತರು, ನೋಟೀಸನ್ನು ಓದಿದರು, ಬೆರಳು ಮಡಚಿ ಏನೋ ಎಣಿಸಿದರು, ಮತ್ತೆ ಮೊದಲಿನಿಂದ ಓದಿದರು. ಬರೆದದ್ದನ್ನು ಯಾರಾದರೂ ಅಷ್ಟು ಗಮನವಿಟ್ಟು ಓದುವುದು ದಿನಾ ಸಿಗುವ ಸುಖವಲ್ಲ.

‘ಆಫೀಸಕ್ಕ, ಪುಟ್ಟೀನ ಬಿಡಿಸ್ತಾ ಇದೀವಿ’ ಅಂದರು.

‘ಯಾಕಮ್ಮ, ಪಾಠ ಸರಿಹೋಗ್ತಿಲ್ವಾ?’

‘ಪಾಠಕ್ಕೇನಾಗಿದೆ. ಅವಳಪ್ಪ ಬಿದ್ರು. ಲಿಫ್ಟ್ ರಿಪೇರಿ ಮಾಡೋರು ಅವರು. ಜನರನ್ನ ಹತ್ತನೇ ಮಹಡಿಗೆ ಹತ್ತಿಸೋ ಮನುಷ್ಯ, ತಾನು ಮೂರು ಮೆಟ್ಟಿಲಿಂದ ಕೆಳಗೆ ಬಿದ್ದು ಕಾಲು ಮುರ್ಕೊಂಡ್ರು. ಮೂರು ತಿಂಗಳು ಕೆಲಸ ಇಲ್ಲ. ಮನೆ ಬಾಡಿಗೆ ಎರಡು ತಿಂಗಳದು ನಿಂತಿದೆ, ಎಂಟು ಸಾವಿರ. ಹತ್ತನೇ ತಾರೀಖಿನೊಳಗೆ ಕೊಡದಿದ್ರೆ ಬೇರೆ ಮನೆ ನೋಡ್ಕೊಳ್ಳಿ ಅಂದಿದಾರೆ. ಇಲ್ಲಿ ಬರೆದಿರೋ ಲೆಕ್ಕ ನೋಡಿದ್ರೆ ನಮಗೆ ಎಂಟೇ ಬರ್ಬೇಕು. ಹೌದಾ?’

‘ಹೌದು. ಎರಡು ತಿಂಗಳು ಆಯ್ತು, ನಾಲ್ಕು ಉಳಿದಿದೆ. ಎಂಟು ಸಾವಿರ. ಒಳ್ಳೇ ದಿನ ಬಂದ್ರಿ. ಸೋಮವಾರ ಬಂದಿದ್ರೆ ಒಂದನೇ ತಾರೀಖಾಗ್ತಿತ್ತು, ಆರಕ್ಕೆ ಇಳೀತಿತ್ತು.’

‘ಅದಕ್ಕೇ ಇವತ್ತು ಅರ್ಧ ದಿನ ರಜೆ ಹಾಕಿ ಓಡಿ ಬಂದಿದ್ದು’ ಅಂದು ಪತ್ರ ಕೊಟ್ಟರು. ನಾನು ಸೀಲು ಒತ್ತಿ, ತಾರೀಖು ಬರೆದು, ಅದರ ನಕಲು ಅವರ ಕೈಗಿತ್ತೆ. ರಸೀದಿ ಗಂಡನ ಹೆಸರಿನಲ್ಲಿತ್ತು. ಅವರಿಗೆ ಬರಲಾಗದಿದ್ದರೆ ಹೆಂಡತಿಗೆ ಕೊಡಿ ಎಂದು ಬರೆಸಿ ತನ್ನಿ, ಏಳನೇ ಕೆಲಸದ ದಿನ ಐದನೇ ತಾರೀಖು ಶುಕ್ರವಾರ ಬೀಳುತ್ತದೆ, ಆವತ್ತು ಬನ್ನಿ ಅಂದೆ.

‘ಪುಟ್ಟಿಗೆ ಹೇಳಿದೀರಾ?’

‘ಹೇಳ್ದೆ. ಹೂಂ ಅಂದ್ಲು. ಅತ್ತಿದ್ರೆ ವಾಸಿ ಇತ್ತು.’

ನಾನು ಪತ್ರಕ್ಕೆ ಪಿನ್ ಹೊಡೆದೆ.

ಇಲ್ಲಿ ನಮ್ಮ ಸೆಂಟರಿನ ಒಂದು ಪದ್ಧತಿಯನ್ನು ಹೇಳಬೇಕು. ನಮ್ಮಲ್ಲಿ ಹೆಸರು ಕರೆದು ಹಾಜರಿ ಹಾಕುವುದಿಲ್ಲ. ಮೂವತ್ತೊಂದು ಹೆಸರು ಕರೆಯುವಷ್ಟರಲ್ಲಿ ಒಂದು ಲೆಕ್ಕ ಬಿಡಿಸಬಹುದು ಎನ್ನುವುದು ಸರ್ ಅವರ ವಾದ. ಮೊದಲ ಪಾಠ ಮಾಡುವವರು ತಲೆ ಎಣಿಸಿ, ಸೀಮೆಸುಣ್ಣದ ಡಬ್ಬಿಯ ರಟ್ಟಿನ ತುಂಡಿನ ಮೇಲೆ ಸಂಖ್ಯೆ ಬರೆದು, ಪಾಠ ಮುಗಿದ ಮೇಲೆ ನನ್ನ ಮೇಜಿನ ಮೇಲೆ ಹಾಕಿ ಹೋಗುತ್ತಾರೆ. ಪಟ್ಟಿ ಇರುವುದು ನನ್ನ ಹತ್ತಿರ. ಯಾರಾದರೂ ಬಿಟ್ಟರೆ, ಹಣ ಕೊಟ್ಟು ಸಹಿ ತೆಗೆದುಕೊಂಡ ದಿನ ಮೇಲೆ ಹೋಗಿ ಇಬ್ಬರಿಗೂ ಹೇಳುತ್ತೇನೆ. ಪತ್ರ ಬಂದ ದಿನವಲ್ಲ. ಯಾಕೆಂದರೆ ಪತ್ರ ಕೊಟ್ಟವರಲ್ಲಿ ಮನಸ್ಸು ಬದಲಿಸಿ ವಾಪಸ್ ತೆಗೆದುಕೊಳ್ಳುವವರೂ ಇರುತ್ತಾರೆ. ಅಷ್ಟು ಬಿಗಿಯಾಗಿ ನೋಟೀಸು ಬರೆದ ನನಗೆ ಈ ಏಳು ದಿನದ ಕಿಂಡಿ ಕಾಣಿಸಿರಲಿಲ್ಲ.

ಸೋಮವಾರ, ಒಂದನೇ ತಾರೀಖು, ರಟ್ಟಿನ ಮೇಲೆ ಮೂವತ್ತೊಂದು ಎಂದಿತ್ತು. ಪುಟ್ಟಿಯನ್ನು ಬಿಟ್ಟರೆ ಮೂವತ್ತೇ ಇರಬೇಕು. ವಿಜ್ಞಾನದ ಮೇಡಂಗೆ ಎಣಿಕೆ ತಪ್ಪುವುದು ಹೊಸದಲ್ಲ. ಒಮ್ಮೆ ನೀರಿನ ಕ್ಯಾನ್ ಹೊತ್ತು ತಂದವನನ್ನೂ ಸೇರಿಸಿ ಎಣಿಸಿದ್ದರು. ಮಂಗಳವಾರವೂ ಮೂವತ್ತೊಂದು. ಬುಧವಾರ ಮತ್ತೆ ಮೂವತ್ತೊಂದು. ಮೂರು ದಿನ ಒಂದೇ ತಪ್ಪು ಮಾಡುವಷ್ಟು ಶಿಸ್ತು ನಮ್ಮ ಮೇಡಂಗೆ ಇಲ್ಲ.

ಸರ್ ಅವರ ಪಾಠ ನಡೆಯುತ್ತಿದ್ದಾಗ ಮೇಲೆ ಹೋದೆ. ಬಾಗಿಲ ಹೊರಗೆ ನಿಂತು ನೋಡಿದೆ. ಎರಡು ಸಾಲು ಬೆಂಚು, ಕಪ್ಪು ಹಲಗೆಯ ತುಂಬ ಸಮೀಕರಣ, ಒಂದೇ ವೇಗದಲ್ಲಿ ತಿರುಗಲು ಮಾತ್ರ ಗೊತ್ತಿರುವ ಫ್ಯಾನು. ಕಿಟಕಿಯ ಕಡೆ ಎರಡನೇ ಬೆಂಚಿನ ತುದಿ ಪುಟ್ಟಿಯ ಜಾಗ. ಅದು ಖಾಲಿ ಇತ್ತು. ಕಣ್ಣು ಹಿಂದಕ್ಕೆ ಹೋಯಿತು. ಕಟ್ಟಕಡೆಯ ಬೆಂಚಿನಲ್ಲಿ, ಹಳೆಯ ಬೀರುವಿನ ಮಗ್ಗುಲಲ್ಲಿ, ಹಲಗೆಯ ಅರ್ಧ ಮಾತ್ರ ಕಾಣುವ ಜಾಗದಲ್ಲಿ, ಪುಟ್ಟಿ ಕತ್ತು ಉದ್ದ ಮಾಡಿಕೊಂಡು ಬರೆಯುತ್ತಿದ್ದಳು. ಅತ್ತ ವಾಲಿ ಒಂದು ಸಾಲು ನೋಡುವುದು, ಇತ್ತ ಬಗ್ಗಿ ಬರೆಯುವುದು. ಬಾವಿಯಿಂದ ನೀರು ಸೇದುವವರ ಹಾಗೆ.

ಪಾಠ ಮುಗಿದ ಮೇಲೆ ಕೊನೆಗೆ ಇಳಿದವಳನ್ನು ಮೆಟ್ಟಿಲ ತಿರುವಿನಲ್ಲಿ ನಿಲ್ಲಿಸಿದೆ.

‘ಪುಟ್ಟಿ, ಅಮ್ಮ ಪತ್ರ ಕೊಟ್ಟಿದ್ದು ಗೊತ್ತಲ್ವಾ?’

‘ಗೊತ್ತು.’

‘ಮತ್ತೆ?’

‘ದುಡ್ಡು ಇನ್ನೂ ವಾಪಸ್ ಕೊಟ್ಟಿಲ್ವಲ್ಲ ಆಫೀಸಕ್ಕ.’ ಅವಳ ದನಿಯಲ್ಲಿ ಕಳ್ಳತನ ಇರಲಿಲ್ಲ. ಲೆಕ್ಕ ಒಪ್ಪಿಸುವವಳ ದನಿ ಅದು. ‘ಶುಕ್ರವಾರ ಕೊಡ್ತೀರಿ. ಅಲ್ಲೀವರೆಗೆ ನಮ್ಮ ದುಡ್ಡು ನಿಮ್ಮ ಹತ್ರಾನೇ ಇದೆ. ಅಂದ್ರೆ ಅಲ್ಲೀವರೆಗೆ ನಾನು ದುಡ್ಡು ಕೊಟ್ಟಿರೋಳೇ ತಾನೆ? ಶುಕ್ರವಾರದಿಂದ ಬರಲ್ಲ.’

‘ಮನೇಲಿ ಏನಂತ ಹೇಳಿ ಬರ್ತಿದೀಯ?’

‘ಲೈಬ್ರರಿಗೆ ಅಂತ.’

‘ನಿನ್ನ ಜಾಗ ಬಿಟ್ಟು ಹಿಂದೆ ಯಾಕೆ ಹೋಗಿ ಕೂತೆ?’

ಚೀಲದ ಪಟ್ಟಿಯನ್ನು ತಿರುಚಿದಳು. ‘ಸುಮ್ನೆ’ ಅಂದಳು.

ಹೇಳಲೇಬೇಕಿತ್ತು, ಹೇಳಿದೆ. ಹೊಸ ತಿಂಗಳಲ್ಲಿ ಒಂದು ದಿನ ಕೂತರೂ ಆ ತಿಂಗಳ ಹಣ ಹೋಗುತ್ತದೆ ಎಂದು ನೋಟೀಸಿನಲ್ಲಿ ಬರೆದಿರುವುದನ್ನು, ಮೂರು ದಿನ ಕೂತದ್ದರಿಂದ ಎಂಟು ಸಾವಿರ ಆರಾಗುತ್ತದೆ ಎನ್ನುವುದನ್ನು. ಅವಳ ಮುಖ ಕಾಗದದಂತಾಯಿತು. ನೋಟೀಸು ಇರುವುದು ಆಫೀಸಿನಲ್ಲಿ, ಕುರ್ಚಿಯಲ್ಲಿ ಕೂರುವವರ ಕಣ್ಣಿಗೆ. ಮಕ್ಕಳು ಆ ಕುರ್ಚಿಯಲ್ಲಿ ಕೂರುವುದೇ ಇಲ್ಲ ಎನ್ನುವುದು ಆಗ ನನಗೆ ಹೊಳೆಯಿತು.

‘ಅದು ಬಾಡಿಗೆ ದುಡ್ಡು’ ಅಂದಳು.

‘ಗೊತ್ತು.’

‘ಅಮ್ಮಂಗೆ ಹೇಳ್ಬೇಡಿ. ನಾನು ಬಂದೇ ಇಲ್ಲ ಅಂತ ಬರ್ಕೊಳ್ಳಿ. ಯಾರೂ ಹೆಸರು ಕರೆಯಲ್ವಲ್ಲ.’

‘ನೋಡೋಣ’ ಅಂದೆ. ಬಾಯಿಂದ ಬಂದ ಮೇಲೆ ಆ ಮಾತು ಯಾರದೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡೆ.

ಅವಳು ಹೋದ ಮೇಲೆ ಮೇಜಿನ ಮೇಲೆ ಮೂರು ರಟ್ಟಿನ ತುಂಡುಗಳನ್ನು ಸಾಲಾಗಿ ಇಟ್ಟುಕೊಂಡು ಕೂತೆ. ಮೂವತ್ತೊಂದನ್ನು ಮೂವತ್ತು ಮಾಡುವುದು ಕಷ್ಟವಲ್ಲ. ಒಂದು ಪೆನ್ನು, ಒಂದು ದುಂಡನೆಯ ಗೀಟು ಸಾಕು. ಹುಡುಗಿಯ ತಪ್ಪಿಗಿಂತ ನನ್ನ ತಪ್ಪು ದೊಡ್ಡದು. ಪತ್ರ ಬಂದ ದಿನವೇ ಮೇಲೆ ಹೋಗಿ ಹೇಳಿದ್ದರೆ ಅವಳನ್ನು ಸೋಮವಾರ ಬಾಗಿಲಲ್ಲೇ ತಡೆಯುತ್ತಿದ್ದರು, ಎಂಟು ಸಾವಿರ ಎಂಟಾಗಿಯೇ ಉಳಿಯುತ್ತಿತ್ತು. ಆದರೆ ಗೀಟು ಎಳೆದರೆ ನಾನೂ ಸರ್ ಆಗುತ್ತೇನೆ. ಕಂಡವರ ಮೇಲೆ ಕರುಣೆ ಬಂದಾಗ ಒಂದು ಲೆಕ್ಕ, ಕರುಣೆ ಬಾರದವರಿಗೆ ಗೋಡೆಯ ಮೇಲಿನ ಲೆಕ್ಕ. ಪುಟ್ಟಿಯ ಅಮ್ಮನ ಇಸ್ತ್ರಿ ಹಾಕಿದ ನೋಟುಗಳು ನೆನಪಿದ್ದಕ್ಕೆ ತಾನೆ ಈ ಪೆನ್ನು ಕೈಗೆ ಬಂದದ್ದು. ನೆನಪಿಲ್ಲದವರ ಮಗಳಾಗಿದ್ದರೆ?

ಗೀಟು ಎಳೆಯಲಿಲ್ಲ. ಮಾರನೇ ದಿನ ಸರ್ ಬಂದ ಕೂಡಲೇ ಎಲ್ಲ ಹೇಳಿದೆ. ಮೇಡಂ ಕೂಡ ಇದ್ದರು, ಟೀ ಲೋಟ ಹಿಡಿದು ನಿಂತಿದ್ದರು.

‘ಮೂರು ದಿನವೂ ನನ್ನ ಎಣಿಕೆ ಸರಿ ಇತ್ತಾ?’ ಅಂದರು ಮೇಡಂ.

‘ಸರಿ ಇತ್ತು ಮೇಡಂ.’

‘ಅದನ್ನ ಮೊದಲು ಎಲ್ಲಾದರೂ ಬರೆದಿಡಿ.’

ಸರ್ ನಗಲಿಲ್ಲ. ‘ಆ ಹುಡುಗಿ ಹಿಂದೆ ಕೂತಿದ್ದು ನೋಡ್ದೆ. ಹಲಗೆ ಕಾಣದಿದ್ರೆ ಮುಂದೆ ಬಾ ಅಂತ ಸೋಮವಾರ ಹೇಳಿದೆ. ಬೇಡ ಸರ್ ಅಂದ್ಲು.’ ಕೈಯಲ್ಲಿದ್ದ ಸೀಮೆಸುಣ್ಣವನ್ನು ಮೇಜಿನ ಮೇಲೆ ಉರುಳಿಸಿದರು. ‘ಎಂಟೂ ಕೊಟ್ಬಿಡು. ಹುಡುಗಿ ಬಂದು ಕೂತ್ಕೊಳ್ಳಲಿ. ಮೂವತ್ತು ಜನಕ್ಕೆ ಹೇಳೋದನ್ನ ಮೂವತ್ತೊಂದು ಜನ ಕೇಳಿದ್ರೆ ನನ್ನ ಗಂಟಲು ಜಾಸ್ತಿ ಸವೆಯುತ್ತಾ?’

ಇದೇ ನನಗೆ ಕಷ್ಟವಾಗುವುದು. ಅವರ ಮನಸ್ಸು ಒಳ್ಳೆಯದು, ಆದರೆ ಅದಕ್ಕೆ ಗೋಡೆಯಿಲ್ಲ.

‘ಸರ್, ಒಂದೇ ತಿಂಗಳಿಗೆ ಬಿಡಿಸಿದ್ರಲ್ಲ, ಬಸ್ ಡ್ರೈವರ್ ಮಗ. ಎರಡನೇ ತಿಂಗಳ ಒಂದನೇ ತಾರೀಖು ಪತ್ರ ತಂದ್ರು. ಒಂದು ದಿನ ಹೆಚ್ಚಾಯ್ತು ಅಂತ ಎರಡು ಸಾವಿರ ಹಿಡಿದ್ವಿ. ಅವರೂ ಕಷ್ಟದಲ್ಲೇ ಇದ್ರು. ನೋಟೀಸು ಓದಿ, ಸರಿ ಅಂತ ಹೋದ್ರು. ಈಗ ಅವರಿಗೇನು ಹೇಳೋದು?’

‘ಅವರಿಗೆ ಯಾರು ಹೇಳ್ತಾರೆ?’

‘ನನಗೆ ಗೊತ್ತಾಗುತ್ತಲ್ಲ ಸರ್.’

ಸರ್ ಸೀಮೆಸುಣ್ಣವನ್ನು ಮತ್ತೆ ಕೈಗೆತ್ತಿಕೊಂಡರು. ‘ನಿನ್ನ ನೋಟೀಸು ನನಗಿಂತ ಕಟುವಾಗಿದೆ ಕಣಮ್ಮ.’

‘ಆದ್ರೆ ಇದ್ರಲ್ಲಿ ತಪ್ಪು ಆಫೀಸಿಂದೂ ಇದೆ’ ಅಂದೆ. ‘ನಾನು ಮೇಲೆ ಬಂದು ಹೇಳಿರಲಿಲ್ಲ. ನಮ್ಮ ತಪ್ಪಿಂದ ಆದ್ದಕ್ಕೆ ಅವರ ದುಡ್ಡು ಹಿಡಿಯೋದೂ ಸರಿಯಲ್ಲ. ಪುಟ್ಟಿ ಅಮ್ಮನಿಗೆ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಎಂಟು ತಗೊಂಡು ಇವತ್ತಿಗೆ ಬಿಡಿಸೋದಾದ್ರೆ ಆ ಮೂರು ದಿನ ಆಫೀಸಿನ ತಪ್ಪು, ಲೆಕ್ಕಕ್ಕಿಲ್ಲ. ಇಲ್ಲ, ಮೂರನೇ ತಿಂಗಳು ಲೆಕ್ಕಕ್ಕೆ ಸೇರಲಿ ಅಂದ್ರೆ ಆರು, ತಿಂಗಳು ಪೂರ್ತಿ ಪಾಠ. ಅವರೇ ಹೇಳಲಿ.’

‘ಬಿಟ್ಟಿ ಕೂರಿಸೋ ಮಾತೂ ಹೇಳು’ ಅಂದರು ಸರ್. ‘ಅದು ನನ್ನ ಖುಷಿ. ನಿನ್ನ ನೋಟೀಸಿನಲ್ಲಿ ನನ್ನ ಖುಷಿ ಬೇಡ ಅಂತ ಎಲ್ಲೂ ಬರೆದಿಲ್ಲ.’

ಅದು ನಿಜವಾಗಿತ್ತು. ಬರೆದಿರಲಿಲ್ಲ.

ಆ ದಿನ ರಟ್ಟಿನ ಮೇಲೆ ಮೂವತ್ತು ಎಂದಿತ್ತು. ಅದು ಸರಿಯಾದ ಸಂಖ್ಯೆ. ನೋಡಿ ಯಾಕೋ ಸಮಾಧಾನವಾಗಲಿಲ್ಲ.

ಶುಕ್ರವಾರ ಐದು ಗಂಟೆಗೆ ಪುಟ್ಟಿಯ ಅಮ್ಮ ಬಂದರು. ಕೈಗೆ ಇಸ್ತ್ರಿಪೆಟ್ಟಿಗೆಯ ಕಾವು ಇನ್ನೂ ಅಂಟಿಕೊಂಡಂತೆ ಅಂಗೈಗಳನ್ನು ಸೀರೆಯ ಸೆರಗಿಗೆ ಒರೆಸಿಕೊಂಡು, ರಸೀದಿ ಮತ್ತು ಗಂಡ ಬರೆದುಕೊಟ್ಟ ಚೀಟಿಯನ್ನು ಮುಂದಿಟ್ಟರು. ಚೀಟಿಯಲ್ಲಿ ಹೀಗಿತ್ತು: ‘ನನ್ನ ಕಾಲು ಮುರಿದಿರುವುದರಿಂದ ಸದರಿ ಹಣವನ್ನು ನನ್ನ ಹೆಂಡತಿಗೆ ಕೊಡುವುದು. ಕಾಲು ಸರಿಯಿದ್ದಾಗಲೂ ಅವಳ ಕೈಗೇ ಹೋಗುವುದು.’ ಕೆಳಗೆ ದೊಡ್ಡ ಸಹಿ.

‘ಮಲಗಿ ಮಲಗಿ ಹಾಸ್ಯ ಜಾಸ್ತಿಯಾಗಿದೆ’ ಅಂದರು ಅವರು. ‘ಇದು ನಡೆಯುತ್ತಾ, ಬೇರೆ ಬರೆಸ್ಲಾ?’

‘ನಡೆಯುತ್ತೆ. ಕೂತ್ಕೊಳ್ಳಿ. ಒಂದು ವಿಷಯ ಇದೆ.’

ಹೇಳಿದೆ. ಪುಟ್ಟಿ ಬಂದದ್ದು, ಎಷ್ಟು ದಿನ ಕೂತದ್ದು, ಅವಳು ಹಾಕಿದ ಲೆಕ್ಕ, ನನ್ನ ತಪ್ಪು, ಎಂಟು ಮತ್ತು ಆರು. ಮುಗಿಸಿದ ಮೇಲೆ ಮೊದಲು ಕೇಳಿದ್ದು ಹಣದ ಮಾತಲ್ಲ.

‘ಲೈಬ್ರರಿಗೆ ಅಂತ ಸುಳ್ಳು ಹೇಳಿದ್ಲಾ?’

‘ಹೇಳಿದ್ಲು.’

‘ನಿನ್ನೆ ಇವತ್ತೂ ಲೈಬ್ರರಿಗೆ ಅಂತಲೇ ಹೋಗಿದಾಳೆ. ಈಗ ನಿಜವಾಗಿ ಅಲ್ಲೇ ಇರ್ಬೇಕು.’ ತುಟಿಯ ಒಂದು ಕೊನೆ ನಗುವಿಗೆ ಎದ್ದು ಮತ್ತೆ ಕೂತಿತು. ‘ಎಂಟು ತಗೊಂಡ್ರೆ ಇವತ್ತಿಗೆ ಮುಗೀತು, ಅಲ್ವಾ?’

‘ಮುಗೀತು. ಇನ್ನೊಂದಿದೆ. ಎಂಟೂ ಕೊಡಿ, ಹುಡುಗಿ ಬರಲಿ, ಹಣ ಬೇಡ ಅಂತ ಸರ್ ಹೇಳಿದಾರೆ.’

ಇಷ್ಟು ಹೇಳಿ ನಾನು ಹಣದ ಪೆಟ್ಟಿಗೆಯ ಬೀಗ ತೆಗೆದೆ. ಯಾವುದನ್ನು ಆಯ್ದುಕೊಳ್ಳುತ್ತಾರೆ ಎನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಎಂಟು ಸಾವಿರ ಎಣಿಸಿ ಮೇಜಿನ ಮೇಲಿಟ್ಟೆ. ಅವರು ಅದನ್ನು ಮುಟ್ಟಲಿಲ್ಲ.

‘ಎಲ್ಲಿ ಕೂತಿದ್ಲು?’

‘ಏನು?’

‘ಪುಟ್ಟಿ. ಆ ಮೂರು ದಿನ. ಅವಳದು ಕಿಟಕಿ ಪಕ್ಕ ಎರಡನೇ ಬೆಂಚು. ಗಾಳಿ ಚೆನ್ನಾಗಿ ಬರುತ್ತೆ ಅಂತ ದಿನಾ ಹೇಳ್ತಿದ್ಲು. ಅಲ್ಲೇ ಕೂತಿದ್ಲಾ?’

ಸುಳ್ಳು ಹೇಳಬಹುದಿತ್ತು.

‘ಇಲ್ಲ. ಕೊನೇ ಬೆಂಚು. ಬೀರು ಮಗ್ಗುಲಲ್ಲಿ.’

‘ಅಲ್ಲಿಂದ ಹಲಗೆ ಕಾಣುತ್ತಾ?’

‘ಅರ್ಧ.’

ಅವರು ತಲೆಯಾಡಿಸಿದರು. ನೋಟುಗಳತ್ತ ನೋಡಿದರು, ಗೋಡೆಯತ್ತ ನೋಡಿದರು. ಮತ್ತೆ ನೋಟೀಸನ್ನು ಓದುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಈ ಸಲ ಬೆರಳು ಮಡಚಲಿಲ್ಲ. ಕೆಳಗಿನ ಕನ್ನಡಕದ ಅಂಗಡಿಯಲ್ಲಿ ಯಾರಿಗೋ ಅಕ್ಷರ ಓದಿಸುತ್ತಿದ್ದರು. ಒಂದೊಂದೇ ಅಕ್ಷರ ಮೆಟ್ಟಿಲು ಹತ್ತಿ ಬರುತ್ತಿತ್ತು.

‘ನನಗೆ ದುಡ್ಡು ಬೇಡ ಅನ್ನೋಷ್ಟು ಸೊಕ್ಕಿಲ್ಲ ಆಫೀಸಕ್ಕ’ ಅಂದರು. ‘ಸರ್ ದೊಡ್ಡ ಮನಸ್ಸು ಮಾಡಿದಾರೆ, ಅವರಿಗೆ ಕೈ ಮುಗಿದೆ ಅಂತ ಹೇಳಿ. ಆದ್ರೆ ದುಡ್ಡು ಕೊಟ್ಟಿದೀನಿ ತಾನೆ ಅಂತ ಲೆಕ್ಕ ಹಾಕ್ಕೊಂಡಾಗಲೇ ಅವಳು ಬೀರು ಪಕ್ಕಕ್ಕೆ ಹೋಗಿ ಕೂತ್ಲು. ಬಿಟ್ಟಿ ಅಂತ ಗೊತ್ತಾದ್ರೆ ಬಾಗಿಲ ಹೊರಗೆ ಕೂರ್ತಾಳೆ. ನನ್ನ ಮಗಳು, ನನಗೆ ಗೊತ್ತು. ನಾನೂ ಹಾಗೇ.’

‘ಮತ್ತೆ ಬಾಡಿಗೆ?’

‘ಎರಡು ಕಡಿಮೆ ಬೀಳುತ್ತೆ. ಮನೆ ಓನರ್ ಕೂಗಾಡ್ತಾರೆ. ಎಂಟಕ್ಕೆ ಆರು ಕೊಟ್ರೆ ಮನೆ ಖಾಲಿ ಮಾಡಿಸಲ್ಲ, ಕೂಗಾಡ್ತಾರೆ ಅಷ್ಟೇ. ಅವರು ಕೂಗಾಡೋಕೆ ನಮ್ಮಲ್ಲಿ ಈಗ ಒಬ್ರು ಮಲಗಿದಾರೆ, ಕಿವಿ ಖಾಲಿ ಇದೆ, ಕೇಳಿಸ್ಕೊಳ್ಳಲಿ.’ ಮೇಜಿನ ಮೇಲಿನ ನೋಟುಗಳಿಂದ ಎರಡು ಸಾವಿರ ಬೇರೆ ಮಾಡಿ ನನ್ನ ಕಡೆ ತಳ್ಳಿದರು. ಬೇರೆ ಮಾಡುವಾಗ ಬೆರಳು ಒಂದು ಕ್ಷಣ ತಡೆಯಿತು. ನಾನು ಕಂಡೆ, ಕಾಣದವಳಂತೆ ಇದ್ದೆ. ‘ಶುರುವಾದ ತಿಂಗಳು ಪೂರ್ತಿ ತಿಂಗಳು ಅಂತ ಬರೆದಿದೀರಲ್ಲ. ನಮ್ಮ ಕಡೆಯಿಂದ ತಗೊಳ್ಳೋಕೆ ಪೂರ್ತಿ ಆದ್ರೆ, ನಮಗೆ ಕೊಡೋಕೂ ಪೂರ್ತಿ ತಾನೆ?’

ಆ ಸಾಲನ್ನು ಬರೆಯುವಾಗ ನಾನು ಒಂದೇ ಕಡೆಯಿಂದ ಯೋಚಿಸಿದ್ದೆ.

‘ಪೂರ್ತಿ’ ಅಂದೆ. ‘ಕೊನೇ ತಾರೀಖಿನವರೆಗೆ.’

‘ಪತ್ರ ಮತ್ತೆ ಬರೀಬೇಕಾ?’

‘ಬೇಡ. ಇದರಲ್ಲೇ ಈ ತಿಂಗಳ ಕೊನೆಗೆ ಬಿಡಿಸ್ತೀವಿ ಅಂತ ಒಂದು ಸಾಲು ಸೇರಿಸಿ ಸಹಿ ಮಾಡಿ. ಮುಂಚೆ ಪತ್ರ ಕೊಟ್ರೆ ತಪ್ಪೇನಿಲ್ಲ. ಉಳಿದ ಮೂರು ತಿಂಗಳ ಹಣ ಇವತ್ತೇ ತಗೊಂಡು ಹೋಗಿ. ಮುಂದಿನ ತಿಂಗಳು ಒಂದನೇ ತಾರೀಖಿಂದ ಮಾತ್ರ...’

‘ಕೂರಲ್ಲ. ಆವತ್ತು ನಾನೇ ಲೈಬ್ರರಿವರೆಗೆ ಕೈ ಹಿಡ್ಕೊಂಡು ಹೋಗಿ ಬಿಡ್ತೀನಿ.’

ಅವರು ಬರೆದರು. ನಿಧಾನವಾಗಿ, ಒಂದೊಂದು ಅಕ್ಷರದ ಮಡಿಕೆ ಬಿಡಿಸುವ ಹಾಗೆ. ನಾನು ವೋಚರಿನಲ್ಲಿ ಆರು ಸಾವಿರ ಎಂದು ಅಂಕೆಯಲ್ಲೂ ಅಕ್ಷರದಲ್ಲೂ ತುಂಬಿ ಅವರ ಸಹಿ ತೆಗೆದುಕೊಂಡೆ. ರಸೀದಿಯ ಹಿಂಬದಿಯಲ್ಲಿ ‘ಮೂರನೇ ತಿಂಗಳ ಕೊನೆಯವರೆಗೆ ತರಗತಿ ಉಂಟು’ ಎಂದು ಬರೆದು ಸೀಲು ಒತ್ತಿ, ವಾಪಸ್ ಕೊಟ್ಟೆ. ಅದು ನಮ್ಮ ಪದ್ಧತಿಯಲ್ಲಿ ಇರಲಿಲ್ಲ. ಪುಟ್ಟಿಗೆ ತೋರಿಸಲಿ ಅನ್ನಿಸಿತು.

ಗಡಿಯಾರ ನೋಡಿದರು. ಐದೂ ಇಪ್ಪತ್ತು. ‘ಐದೂವರೆಗೆ ಶುರು ಅಲ್ವಾ? ಲೈಬ್ರರಿ ಎರಡೇ ಬೀದಿ ಆಚೆ. ಓಡಿಸಿದ್ರೆ ಬರ್ತಾಳೆ’ ಎಂದು ಎದ್ದರು.

ಅಮ್ಮ ಮಗಳು ಬಂದಾಗ ಐದೂ ಮೂವತ್ತೆರಡು. ಪುಟ್ಟಿಯ ಕಣ್ಣು ಕೆಂಪಾಗಿತ್ತು. ದಾರಿಯಲ್ಲಿ ಬೈಗುಳ ಬಿದ್ದಿರಬೇಕು, ಅಳುವೂ ಆಗಿರಬೇಕು, ಎರಡು ಬೀದಿಗೆ ಅಷ್ಟು ಸಾಕು. ನಾನೂ ಅವರ ಹಿಂದೆ ಮೇಲೆ ಹೋದೆ, ಮೇಡಂಗೆ ಈ ಸಲವಾದರೂ ತಡಮಾಡದೆ ಹೇಳಬೇಕಿತ್ತು. ಬಾಗಿಲಲ್ಲಿ ಪುಟ್ಟಿ ನಿಂತಳು. ಎಲ್ಲ ತಲೆಗಳೂ ಇತ್ತ ತಿರುಗಿದವು.

‘ಎರಡು ಸಾವಿರದ ತಿಂಗಳು ಇದು’ ಎಂದು ಅವಳಮ್ಮ ಅವಳಿಗೆ ಮಾತ್ರ ಕೇಳುವಂತೆ ಹೇಳಿದರು. ‘ಒಂದು ದಿನ ತಪ್ಪಿಸಿದ್ರೆ ಕಾಲು ಮುರೀತೀನಿ. ಮನೇಲಿ ಒಬ್ರದು ಮುರಿದಿರೋದು ಸಾಲ್ದು ಅನ್ಕೋತೀನಿ. ಹೋಗು, ಗಾಳಿ ಬರೋ ಕಡೆ ಕೂತ್ಕೋ.’

ಪುಟ್ಟಿ ಹೋದಳು. ಎರಡನೇ ಬೆಂಚಿನ ಹುಡುಗಿಯರು ಚೀಲ ಸರಿಸಿದರು. ಮೇಡಂ ಹಲಗೆಯಿಂದ ಅರ್ಧ ತಿರುಗಿ, ತುಟಿ ಅಲ್ಲಾಡಿಸುತ್ತ ಮೊದಲಿನಿಂದ ಎಣಿಸತೊಡಗಿದರು.

ಪುಟ್ಟಿಯ ಅಮ್ಮ ಕೂಡಲೇ ಇಳಿಯಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ ಒಳಗೆ ನೋಡುತ್ತಿದ್ದರು. ಹಲಗೆಯ ಮೇಲೆ ವಿದ್ಯುತ್ ಪರಿಪಥದ ಚಿತ್ರವಿತ್ತು. ಅವರ ಮನೆಯವರಿಗೆ ಅರ್ಥವಾಗುವಂಥದ್ದು, ಅವರಿಗೂ ಸ್ವಲ್ಪ ಆಗುತ್ತಿತ್ತೋ ಏನೋ.

‘ಎಷ್ಟಕ್ಕೆ ಬಿಡ್ತೀರಿ?’ ಎಂದು ಮೆಲ್ಲಗೆ ನನ್ನನ್ನು ಕೇಳಿದರು.

‘ಏಳಕ್ಕೆ. ಒಂದೊಂದು ದಿನ ಹತ್ತು ನಿಮಿಷ ಮುಂಚೆ.’

‘ಮುಂಚೆ ಬೇಡ’ ಅಂದರು. ‘ಏಳಕ್ಕೇ ಬಿಡಿ.’